ಯಾಕೆ ಬರುತ್ತಾರೆ, ಖರ್ಚು ಯಾರದು?

ಪೀಣ್ಯದಲ್ಲಿ ಕಾಫಿ ಸಂಸ್ಕರಣೆಯ ಯಂತ್ರಗಳನ್ನು ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಕೀನ್ಯಾದ ಕಾಫಿ ಮಿಲ್ ಒಂದು ಅವರಿಂದ ಹಲ್ಲರ್, ಡಿಸ್ಟೋನರ್ ಮತ್ತು ಗ್ರೇಡರ್ ತರಿಸಿಕೊಳ್ಳಲು ಆರ್ಡರ್ ಕೊಟ್ಟಿದೆ. ಮುಂಗಡ ಬಂದಿದೆ. ಉಳಿದ ಹಣ ಬರಬೇಕಾದರೆ ಮಿಲ್ಲಿನ ಜನರಲ್ ಮ್ಯಾನೇಜರ್ ಮತ್ತು ನಿರ್ವಹಣಾ ಎಂಜಿನಿಯರ್ ಇಬ್ಬರೂ ಬೆಂಗಳೂರಿಗೆ ಬಂದು, ಯಂತ್ರಗಳು ಓಡುವುದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಆಮೇಲೆಯೇ ಕಂಟೇನರ್ ಹೊರಡುವುದು. ದಿನಾಂಕವೂ ನಿಕ್ಕಿಯಾಗಿದೆ. ಅಷ್ಟರಲ್ಲಿ ನೈರೋಬಿಯಿಂದ ಒಂದು ಸಾಲಿನ ಇಮೇಲ್ ಬರುತ್ತದೆ: ವೀಸಾ ಅರ್ಜಿಗೆ ನಿಮ್ಮ ಕಡೆಯಿಂದ ಒಂದು ಆಹ್ವಾನ ಪತ್ರ ಬೇಕು, ದಯವಿಟ್ಟು ಕಳಿಸಿ.

ಇಂಥ ಮೇಲ್ ಬಂದಾಗ ನಮ್ಮ ಬಹಳಷ್ಟು ಕಚೇರಿಗಳಲ್ಲಿ ನಡೆಯುವುದು ಒಂದೇ. ಹಳೆಯ ಫೈಲಿನಿಂದ ಯಾವುದೋ ಪತ್ರ ತೆಗೆದು, ಹೆಸರು ಬದಲಿಸಿ, ಲೆಟರ್‌ಹೆಡ್ಡಿನ ಮೇಲೆ ಪ್ರಿಂಟ್ ಹಾಕಿ, ಸೀಲು ಒತ್ತಿ ಕಳಿಸಿಬಿಡುತ್ತಾರೆ. ಅದರಲ್ಲಿ ಎರಡೇ ವಾಕ್ಯ ಇರುತ್ತದೆ. ನಮ್ಮ ಕಾರ್ಖಾನೆಗೆ ವ್ಯವಹಾರದ ಭೇಟಿಗೆ ಬನ್ನಿ ಎಂಬುದು ಒಂದು, ನಿಮ್ಮ ಎಲ್ಲ ಖರ್ಚುವೆಚ್ಚ ನಮ್ಮದೇ ಎಂಬುದು ಇನ್ನೊಂದು. ಮೊದಲನೆಯದು ಏನನ್ನೂ ಹೇಳುವುದಿಲ್ಲ. ಎರಡನೆಯದು ಬಹುತೇಕ ಸಲ ನಿಜವಲ್ಲ. ವಿಮಾನದ ಟಿಕೆಟ್ಟನ್ನು ಕೀನ್ಯಾದ ಮಿಲ್ಲೇ ಕೊಳ್ಳುತ್ತಿರುತ್ತದೆ, ತಮ್ಮ ನೌಕರರ ಪ್ರಯಾಣದ ಖರ್ಚು ತಮ್ಮದು ಎಂದು ಅವರ ಕಂಪನಿಯೂ ಒಂದು ಪತ್ರ ಕೊಟ್ಟಿರುತ್ತದೆ. ಎರಡೂ ಪತ್ರ ಒಂದೇ ಅರ್ಜಿಯಲ್ಲಿ ಕೂತರೆ ಅರ್ಜಿಯನ್ನು ಓದುವ ಅಧಿಕಾರಿಗೆ ಕಾಣುವುದು ಪರಸ್ಪರ ಹೊಂದದ ಎರಡು ಹೇಳಿಕೆಗಳು.

ಆದ್ದರಿಂದ ನಾನು ಯಾವ ರಫ್ತು ವಿಭಾಗದವರಿಗಾದರೂ ಹೇಳುವುದು, ಪತ್ರ ಬರೆಯುವ ಮುಂಚೆ ಒಂದು ಇಮೇಲ್ ಬರೆಯಿರಿ ಎಂದು. ಪತ್ರ ಕೊಡಲು ಸಿದ್ಧ ಎನ್ನುವ, ಭೇಟಿಯ ಉದ್ದೇಶ ಹೀಗೆ ಬರೆಯುತ್ತೇವೆ ಎಂದು ತಿಳಿಸುವ, ಖರ್ಚಿನ ಪಾಲನ್ನು ಒಪ್ಪಿಸಿಕೊಳ್ಳುವ ಇಮೇಲ್ ಅದು. ಸರ್ಕಾರದ ಕಣ್ಣಿಗೆ ಬೀಳುವುದು ಪತ್ರವೇ ಆದರೂ ಅದರಲ್ಲಿ ತಪ್ಪು ಇರದಂತೆ ನೋಡಿಕೊಳ್ಳುವುದು ಈ ಇಮೇಲ್.

ಮೊದಲು ಅರ್ಜಿ ಹೇಗಿರುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಕೀನ್ಯಾದ ಪಾಸ್‌ಪೋರ್ಟ್ ಇರುವವರು ಭಾರತದ ಇ-ಬಿಸಿನೆಸ್ ವೀಸಾಕ್ಕೆ ಆನ್‌ಲೈನ್‌ನಲ್ಲಿಯೇ ಅರ್ಜಿ ಹಾಕಬಹುದು. ಅಧಿಕೃತ ಜಾಲತಾಣ indianvisaonline.gov.in/evisa. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು, ಮುದ್ರೆ ಒತ್ತಲು 2 ಖಾಲಿ ಪುಟ ಇರಬೇಕು. ಭಾವಚಿತ್ರ ಮತ್ತು ಪಾಸ್‌ಪೋರ್ಟಿನ ವಿವರದ ಪುಟದ ಜೊತೆಗೆ ಬಿಸಿನೆಸ್ ವೀಸಾಕ್ಕೆ ಅರ್ಜಿದಾರರ ವಿಸಿಟಿಂಗ್ ಕಾರ್ಡು ಮತ್ತು ಭಾರತದ ಕಂಪನಿಯ ಆಹ್ವಾನ ಪತ್ರವನ್ನು ಕೇಳುತ್ತಾರೆ. ಅರ್ಜಿಯೊಳಗೆ ಅರ್ಜಿದಾರರ ಕಂಪನಿಯ ಹೆಸರು, ವಿಳಾಸ, ಫೋನು, ಜಾಲತಾಣ ತುಂಬಬೇಕು. ಭಾರತದ ಕಂಪನಿಯ ವಿಷಯದಲ್ಲೂ ಅಷ್ಟನ್ನೂ ತುಂಬಬೇಕು. ಅಲ್ಲದೆ ಭಾರತದಲ್ಲಿ ಪರಿಚಿತರಾದ ಒಬ್ಬ ವ್ಯಕ್ತಿಯ ಹೆಸರು, ವಿಳಾಸ, ಫೋನು ಬೇರೆ ಕೊಡಬೇಕು. ಇದಿಷ್ಟೂ ಅತಿಥಿಗೆ ತಾನಾಗಿ ಗೊತ್ತಿರುವುದಿಲ್ಲ. ನಾವು ಕೊಡದಿದ್ದರೆ ಅವರು ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ್ದನ್ನು ತುಂಬುತ್ತಾರೆ. ಪತ್ರದಲ್ಲಿ ಪೀಣ್ಯದ ಕಾರ್ಖಾನೆಯ ವಿಳಾಸ, ಅರ್ಜಿಯಲ್ಲಿ ರಾಜಾಜಿನಗರದ ಹಳೆಯ ಆಫೀಸಿನ ವಿಳಾಸ ಆಗುವುದು ಹೀಗೆ.

ಇಲ್ಲೊಂದು ಸಣ್ಣ ಸಂಗತಿ, ಆದರೆ ಜನ ಇದರಲ್ಲಿಯೇ ಸಿಕ್ಕಿಬೀಳುತ್ತಾರೆ. ಆ ಜಾಲತಾಣ ಆಹ್ವಾನ ಪತ್ರವನ್ನು ಪಿಡಿಎಫ್ ರೂಪದಲ್ಲಿ, 300 ಕೆಬಿ ಮೀರದಂತೆ ಕೇಳುತ್ತದೆ. ಬಣ್ಣದ ಲೆಟರ್‌ಹೆಡ್ಡನ್ನು ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿ 4 ಎಂಬಿ ಫೈಲು ಕಳಿಸಿದರೆ ಅದು ಅಪ್‌ಲೋಡ್ ಆಗುವುದಿಲ್ಲ. ಅತಿಥಿ ಅದನ್ನು ಫೋನಿನಲ್ಲಿ ಕುಗ್ಗಿಸುತ್ತಾರೆ, ಆಗ ಸೀಲು, ಸಹಿ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲವೂ ಮಸುಕಾಗುತ್ತವೆ. ಒಂದೇ ಪುಟದ ಪತ್ರ ಬರೆದು, ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ, 300 ಕೆಬಿಯೊಳಗೆ ಇಳಿಸಿ, ತೆರೆದು ಓದಿ ನೋಡಿ ನಾವೇ ಕಳಿಸುವುದು ಒಳ್ಳೆಯದು.

ಈಗ ಇಮೇಲ್‌ಗೆ ಬರೋಣ. ಅತಿಥಿಗಳು ಮಾರ್ಚ್ 8ರ ಭಾನುವಾರ ಬಂದು 14ರ ಶನಿವಾರ ಹೊರಡುವುದೆಂದು ಇಟ್ಟುಕೊಳ್ಳಿ. ಸೋಮವಾರ, ಮಂಗಳವಾರ ಪೀಣ್ಯದಲ್ಲಿ ಯಂತ್ರಗಳ ಟ್ರಯಲ್. ಬುಧವಾರ ಚಿಕ್ಕಮಗಳೂರಿಗೆ ಹೋಗಿ, ಇದೇ ಮಾದರಿಯ ಯಂತ್ರಗಳು ಕೆಲಸ ಮಾಡುತ್ತಿರುವ ಒಂದು ಕ್ಯೂರಿಂಗ್ ವರ್ಕ್ಸ್ ನೋಡುವುದು. ಗುರುವಾರ ವಾಪಸ್. ಶುಕ್ರವಾರ ಬಿಡಿಭಾಗಗಳ ದರದ ಮಾತುಕತೆ ಮತ್ತು ಒಪ್ಪಿಗೆಯ ಸಹಿ. ಈ ಕಾರ್ಯಕ್ರಮಕ್ಕೆ ಬರೆಯಬೇಕಾದ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಅದರ ಹುರುಳನ್ನು ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ:

“ಮಾನ್ಯರೇ, ಮಾರ್ಚ್ 8ರಿಂದ 14ರವರೆಗಿನ ನಿಮ್ಮ ಬೆಂಗಳೂರು ಭೇಟಿಗೆ ವೀಸಾ ಅರ್ಜಿಯೊಂದಿಗೆ ಲಗತ್ತಿಸಲು ನಮ್ಮ ಕಂಪನಿಯಿಂದ ಆಹ್ವಾನ ಪತ್ರ ಕೊಡುತ್ತೇವೆ. ಇಬ್ಬರಿಗೂ ಬೇರೆ ಬೇರೆ ಪತ್ರ ಕೊಡುತ್ತೇವೆ. ಸಿದ್ಧಪಡಿಸಲು ನಿಮ್ಮಿಬ್ಬರ ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಪ್ರತಿ, ಹುದ್ದೆ ಮತ್ತು ನಿಮ್ಮ ಕಂಪನಿಯ ನೋಂದಾಯಿತ ವಿಳಾಸ ಬೇಕು.

ಭೇಟಿಯ ಉದ್ದೇಶವನ್ನು ಪತ್ರದಲ್ಲಿ ಹೀಗೆ ಬರೆಯುತ್ತೇವೆ: ನಿಮ್ಮ ಖರೀದಿ ಆದೇಶದ ಮೇರೆಗೆ ನಮ್ಮ ಪೀಣ್ಯ ಕಾರ್ಖಾನೆಯಲ್ಲಿ ತಯಾರಾದ ಯಂತ್ರಗಳ ರವಾನೆಗೆ ಮುಂಚಿನ ಪರಿಶೀಲನೆ, ಅವುಗಳ ಪ್ರಾಯೋಗಿಕ ಓಟದ ವೀಕ್ಷಣೆ, ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಭೇಟಿ, ಮತ್ತು ಬಿಡಿಭಾಗಗಳ ಪೂರೈಕೆ ಕುರಿತ ಮಾತುಕತೆ. ಭಾರತದಲ್ಲಿ ನೀವು ಯಾವುದೇ ಉದ್ಯೋಗ ಮಾಡುವುದಿಲ್ಲ, ನಮ್ಮಿಂದ ಸಂಬಳ ಅಥವಾ ಸಂಭಾವನೆ ಪಡೆಯುವುದಿಲ್ಲ. ಇದರಲ್ಲಿ ತಿದ್ದುವುದಿದ್ದರೆ ಈಗಲೇ ತಿಳಿಸಿ.

ಖರ್ಚಿನ ವಿಷಯ. ನೈರೋಬಿಯಿಂದ ಬೆಂಗಳೂರಿಗೆ ಹೋಗಿಬರುವ ವಿಮಾನ ದರ, ವೀಸಾ ಶುಲ್ಕ, ಲಸಿಕೆ ಮತ್ತು ಪ್ರಯಾಣ ಹಾಗೂ ವೈದ್ಯಕೀಯ ವಿಮೆಯ ವೆಚ್ಚ ನಿಮ್ಮ ಕಂಪನಿಯದು. ಮಾರ್ಚ್ 8ರಿಂದ 14ರ ಬೆಳಗಿನವರೆಗೆ 6 ರಾತ್ರಿಗಳ ಹೋಟೆಲ್ ವಸತಿ, ಊಟ, ವಿಮಾನ ನಿಲ್ದಾಣದಿಂದ ಕರೆತಂದು ಬಿಡುವುದು ಮತ್ತು ಕಾರ್ಯಕ್ರಮದ ಎಲ್ಲ ಓಡಾಟ ನಮ್ಮದು. ಮೇಲೆ ಹೇಳಿದ ದಿನಗಳಿಗಿಂತ ಹೆಚ್ಚು ಉಳಿದರೆ ಅದರ ಖರ್ಚು ನಿಮ್ಮದು. ಇದಕ್ಕೆ ನಿಮ್ಮ ಹಣಕಾಸು ವಿಭಾಗದ ಒಪ್ಪಿಗೆ ಇದೆಯೆಂದು ದಯವಿಟ್ಟು ಮೇಲ್‌ನಲ್ಲಿ ಖಚಿತಪಡಿಸಿ. ನಿಮ್ಮ ಕಂಪನಿ ಕೊಡುವ ಪತ್ರದಲ್ಲೂ ಇದೇ ಹಂಚಿಕೆ ಇರಲಿ.

ವೀಸಾ ಕೊಡುವುದು, ಬಿಡುವುದು ಭಾರತ ಸರ್ಕಾರದ ತೀರ್ಮಾನ. ನಮ್ಮ ಪತ್ರ ಅದಕ್ಕೆ ಖಾತರಿಯಲ್ಲ. ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಸಿಗದ ಟಿಕೆಟ್ ಕೊಳ್ಳಬೇಡಿ.”

ಇದರ ಕೆಳಗೆ ಅರ್ಜಿಯಲ್ಲಿ ತುಂಬಬೇಕಾದ ನಮ್ಮ ಕಂಪನಿಯ ಹೆಸರು, ವಿಳಾಸ, ಜಾಲತಾಣ, ಪರಿಚಿತ ವ್ಯಕ್ತಿಯಾಗಿ ಬರೆಯಬೇಕಾದವರ ಹೆಸರು ಮತ್ತು ಫೋನ್ ಸಂಖ್ಯೆ. ಪತ್ರ ಯಾವ ದಿನ ಕೈಸೇರುತ್ತದೆ ಎಂಬುದೂ ಇರಲಿ. ವಿಷಯದ ಸಾಲಿನಲ್ಲಿ ಬರೀ ‘ಆಹ್ವಾನ’ ಎಂದು ಬರೆಯದೆ ಆರ್ಡರ್ ಸಂಖ್ಯೆ ಮತ್ತು ಭೇಟಿಯ ದಿನಾಂಕ ಬರೆದರೆ, ನಾಳೆ ಹುಡುಕುವಾಗ ಎರಡೂ ಕಡೆಯವರಿಗೆ ಸಿಗುತ್ತದೆ.

ಈ ಮೇಲ್‌ನಲ್ಲಿ ಅತಿ ಹೆಚ್ಚು ಯೋಚಿಸಿ ಬರೆಯಬೇಕಾದದ್ದು ಉದ್ದೇಶದ ವಾಕ್ಯ. ಬಿಸಿನೆಸ್ ವೀಸಾ ಎಂದರೆ ವ್ಯವಹಾರ ಮಾಡಲು ಕೊಡುವ ಅನುಮತಿ, ಕೆಲಸ ಮಾಡಲು ಕೊಡುವ ಅನುಮತಿಯಲ್ಲ. ಕೊಳ್ಳುವವರು ಸರಬರಾಜುದಾರರ ಜಾಗಕ್ಕೆ ಬಂದು ಸರಕಿನ ಗುಣಮಟ್ಟ ನೋಡುವುದು, ಬೇಕಾದ ಮಾಪುಗಳನ್ನು ತಿಳಿಸುವುದು, ಆರ್ಡರ್ ಕೊಡುವುದು, ಮುಂದಿನ ಪೂರೈಕೆಯ ಚೌಕಾಸಿ ಮಾಡುವುದು ಇವೆಲ್ಲ ಬಿಸಿನೆಸ್ ವೀಸಾದ ಒಳಗೆ ಬರುತ್ತವೆಂದು ಗೃಹ ಸಚಿವಾಲಯದ ವಿವರಣೆಯಲ್ಲಿಯೇ ಇದೆ. ನಮ್ಮ ಕೀನ್ಯಾದ ಅತಿಥಿಗಳದು ಸರಿಯಾಗಿ ಇದೇ ಪ್ರಕರಣ. ಹೀಗಿರುವಾಗ ‘ವ್ಯವಹಾರದ ಉದ್ದೇಶಕ್ಕೆ’ ಎಂದು ಹಾರಿಸಿ ಬರೆಯುವುದು ಕೈಯಲ್ಲಿರುವ ಒಳ್ಳೆಯ ಸಾಕ್ಷ್ಯವನ್ನು ತಾವೇ ಬಿಟ್ಟುಕೊಟ್ಟಂತೆ. ಆರ್ಡರ್ ಸಂಖ್ಯೆ ಬರೆಯಿರಿ, ಅದರ ದಿನಾಂಕ ಬರೆಯಿರಿ, ಯಂತ್ರಗಳ ಹೆಸರು ಬರೆಯಿರಿ. ಈ ಎರಡು ಕಂಪನಿಗಳ ನಡುವೆ ನಿಜವಾದ ವ್ಯಾಪಾರ ಇದೆ ಎಂಬುದು ಅಧಿಕಾರಿಗೆ ಆ ಒಂದು ಸಾಲಿನಿಂದ ತಿಳಿಯುತ್ತದೆ.

ಗೊಂದಲ ಹುಟ್ಟುವುದು ಎಂಜಿನಿಯರ್ ವಿಷಯದಲ್ಲಿ. ಅವರು ಬರುವುದು ಟ್ರಯಲ್ ನೋಡಲು. ಹಲ್ಲರ್‌ಗೆ ಪಾರ್ಚ್‌ಮೆಂಟ್ ಕಾಫಿ ಸುರಿದಾಗ ಗಂಟೆಗೆ ಎಷ್ಟು ಹೊರಬರುತ್ತದೆ, ಎಷ್ಟು ಬೀಜ ಒಡೆಯುತ್ತದೆ, ಜರಡಿ ಬದಲಿಸುವುದು ಹೇಗೆ ಎಂದು ಕೇಳಿ ತಿಳಿದುಕೊಂಡು ಹೋಗುತ್ತಾರೆ. ಉತ್ಸಾಹದಲ್ಲಿ ಯಾರೋ ಪತ್ರದಲ್ಲಿ ‘ಕಾರ್ಖಾನೆಯಲ್ಲಿ ಯಂತ್ರ ಜೋಡಣೆಯ ಕೆಲಸದಲ್ಲಿ ಪಾಲ್ಗೊಳ್ಳಲು’ ಎಂದು ಬರೆದರೆ ಅದೇ ಮನುಷ್ಯ ಕಾಗದದ ಮೇಲೆ ಕೆಲಸಗಾರನಾಗಿಬಿಡುತ್ತಾನೆ. ‘ತರಬೇತಿ’ ಎಂಬ ಪದವನ್ನೂ ಸುಮ್ಮನೆ ಬಳಸಬಾರದು. ಯಾರು ಯಾರಿಗೆ, ಎಷ್ಟು ದಿನ, ಏನು ಕಲಿಸುತ್ತಾರೆ ಎಂಬ ಪ್ರಶ್ನೆಗಳನ್ನು ಅದು ಎಳೆದು ತರುತ್ತದೆ. ನಡೆಯುವುದು ಪ್ರಾತ್ಯಕ್ಷಿಕೆಯಾದರೆ ಪ್ರಾತ್ಯಕ್ಷಿಕೆ ಎಂದೇ ಬರೆಯಬೇಕು.

ಹಾಗೆಂದು ಪದ ಬದಲಿಸಿ ನಿಯಮ ದಾಟಬಹುದು ಎಂದು ನಾನು ಹೇಳುತ್ತಿಲ್ಲ. ಇದೇ ಕಾರ್ಖಾನೆ ಇಟಲಿಯಿಂದ ಒಂದು ದೊಡ್ಡ ಯಂತ್ರ ತರಿಸಿಕೊಂಡು, ಅಲ್ಲಿನ ತಂತ್ರಜ್ಞರು ಬಂದು ಅದನ್ನು ಕೂರಿಸಿ ಚಾಲೂ ಮಾಡಿಕೊಡುವುದಾದರೆ ಅದು ಕರಾರಿನ ಕೆಲಸ. ಅದಕ್ಕೆ ಅನ್ವಯಿಸುವ ವೀಸಾ ನಿಯಮವೇ ಬೇರೆ. ಆ ತಂತ್ರಜ್ಞರನ್ನು ‘ಸಭೆಗೆ ಬರುತ್ತಿದ್ದಾರೆ’ ಎಂದು ಬರೆದು ಮಾಮೂಲಿ ಬಿಸಿನೆಸ್ ವೀಸಾದ ಮೇಲೆ ಕರೆಸಿಕೊಂಡರೆ, ವಲಸೆ ಕೌಂಟರಿನಲ್ಲಿ ‘ಏನು ಕೆಲಸಕ್ಕೆ ಬಂದಿರಿ’ ಎಂದು ಕೇಳಿದಾಗ ಅವರು ನಿಜ ಹೇಳುತ್ತಾರೆ. ಹೇಳಲೇಬೇಕು. ಆಗ ಸಿಕ್ಕಿಹಾಕಿಕೊಳ್ಳುವುದು ಅವರು ಮಾತ್ರವಲ್ಲ, ಪತ್ರಕ್ಕೆ ಸಹಿ ಹಾಕಿದವರು ಕೂಡ. ‘ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ, ಬೇಗ ಆಗುತ್ತೆ’ ಎಂಬ ಸಲಹೆಯೂ ಇಷ್ಟೇ ಅಪಾಯದ್ದು.

ಉದ್ದೇಶದ ವಾಕ್ಯವನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಅತಿಥಿಯನ್ನು ವಿಮಾನ ನಿಲ್ದಾಣದಲ್ಲಿ ಅಧಿಕಾರಿ ತಡೆದು, ಯಾಕೆ ಬಂದಿರಿ ಎಂದು ಕೇಳಿದರು ಎಂದುಕೊಳ್ಳಿ. ಪತ್ರ ನೋಡದೆ ಅವರು ತಮ್ಮ ಮಾತಿನಲ್ಲಿ ಕೊಡುವ ಉತ್ತರವೂ ಪತ್ರದ ವಾಕ್ಯವೂ ಒಂದೇ ಆಗಿರಬೇಕು. ಅದಕ್ಕೇ ಉದ್ದೇಶವನ್ನು ಮೊದಲು ಮೇಲ್‌ನಲ್ಲಿ ಅವರಿಗೆ ತೋರಿಸಿ ಒಪ್ಪಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು. ಮ್ಯಾನೇಜರ್ ಮನಸ್ಸಿನಲ್ಲಿ ಬೇರೆ ಎರಡು ಕಂಪನಿಗಳ ಭೇಟಿ, ಒಂದು ವಸ್ತುಪ್ರದರ್ಶನ ಎಲ್ಲವೂ ಇದ್ದಿರಬಹುದು. ಅದು ಈಗಲೇ ಹೊರಬರಲಿ.

ಇನ್ನು ಖರ್ಚು. ನಮ್ಮಲ್ಲಿ ಕಂಪನಿಯ ಮಾಲೀಕರಿಗೆ ಇದು ಮರ್ಯಾದೆಯ ಪ್ರಶ್ನೆಯಾಗಿ ಕಾಣುತ್ತದೆ. “ಅಷ್ಟು ದೂರದಿಂದ ಬರ್ತಿದ್ದಾರೆ, ಎಲ್ಲಾ ನಾವೇ ನೋಡ್ಕೋತೀವಿ ಅಂತ ಬರೀರಮ್ಮ” ಎನ್ನುತ್ತಾರೆ ರಫ್ತು ವಿಭಾಗದ ಹುಡುಗಿಗೆ. ಆಕೆ ಆಗ “ಸರ್, ಟಿಕೆಟ್ ಅವ್ರೇ ಮಾಡಿಸ್ತಿದ್ದಾರಲ್ಲ?” ಎಂದು ಕೇಳಬೇಕು. ಅತಿಥಿಯನ್ನು ಚೆನ್ನಾಗಿ ನೋಡಿಕೊಳ್ಳುವ ಮನಸ್ಸು ಒಳ್ಳೆಯದೇ. ಆದರೆ ಈ ಪತ್ರದಲ್ಲಿ ಖರ್ಚಿನ ಸಾಲು ಇರುವುದು ಆತಿಥ್ಯ ತೋರಿಸಲಿಕ್ಕಲ್ಲ. ಬರುವವರು ಇಲ್ಲಿರುವಷ್ಟು ದಿನ ಯಾವ ಹಣದಲ್ಲಿ ಬದುಕುತ್ತಾರೆ, ಹೇಗೆ ವಾಪಸ್ ಹೋಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅದು. ಕೈಯಲ್ಲಿ ಹಣವಿಲ್ಲದೆ ಬಂದವರು ಇಲ್ಲಿ ಕೆಲಸಕ್ಕೆ ನಿಲ್ಲಬಹುದು ಎಂಬ ಅನುಮಾನ ಎಲ್ಲ ದೇಶಗಳ ವೀಸಾ ಕಚೇರಿಗಳಿಗೂ ಇರುತ್ತದೆ.

‘ಎಲ್ಲ ಖರ್ಚು’ ಎಂದು ಬರೆದಾಗ ಅದರೊಳಗೆ ಏನೇನು ಸೇರುತ್ತದೆ ಎಂದು ಯೋಚಿಸಿ. ಅತಿಥಿಗೆ ಚಿಕ್ಕಮಗಳೂರಿನ ದಾರಿಯಲ್ಲಿ ಅಪಘಾತವಾಗಿ ಆಸ್ಪತ್ರೆಗೆ ಸೇರಿದರೆ ಆ ಬಿಲ್ಲು ಯಾರದು? ವಿಮಾನ ತಪ್ಪಿ ಎರಡು ದಿನ ಹೆಚ್ಚಿಗೆ ಉಳಿದರೆ? ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಬಂದರೆ? ಬಟ್ಟೆ ಒಗೆತ, ಹೋಟೆಲಿನ ಬಾರಿನ ಬಿಲ್ಲು, ಶನಿವಾರ ಮೈಸೂರು ಅರಮನೆ ನೋಡಲು ಹೋದ ಕಾರಿನ ಬಾಡಿಗೆ? ಇವುಗಳನ್ನು ಅತಿಥಿ ಎದುರಿಗೆ ಕುಳಿತಿರುವಾಗ ಚರ್ಚಿಸುವುದು ಇಬ್ಬರಿಗೂ ಮುಜುಗರ. ಮೂರು ವಾರ ಮುಂಚೆ ಮೇಲ್‌ನಲ್ಲಿ ಬರೆದರೆ ಯಾರಿಗೂ ಬೇಸರವಾಗುವುದಿಲ್ಲ, ಅವರ ಹಣಕಾಸು ವಿಭಾಗಕ್ಕೂ ಅದೇ ಬೇಕಾಗಿರುತ್ತದೆ. ವಿಮೆ ಯಾರು ಮಾಡಿಸುತ್ತಾರೆ ಎಂಬುದನ್ನಂತೂ ಬಿಡಲೇಬಾರದು. ದೊಡ್ಡ ಮೊತ್ತದ ಅಪಾಯ ಇರುವುದು ಅದೊಂದರಲ್ಲೇ.

ವಸತಿ, ಊಟ, ಕಾರಿನ ಹಣವನ್ನು ಹೋಟೆಲಿಗೆ ಮತ್ತು ಟ್ರಾವೆಲ್ಸ್‌ನವರಿಗೆ ಕಂಪನಿಯೇ ನೇರವಾಗಿ ಕಟ್ಟಿ, ಬಿಲ್ಲನ್ನು ಕಂಪನಿಯ ಹೆಸರಿಗೆ ಪಡೆಯುವುದು ಚೊಕ್ಕ ಪದ್ಧತಿ. ಅತಿಥಿಯ ಕೈಗೆ ದಿನಕ್ಕಿಷ್ಟು ಎಂದು ನಗದು ಕೊಡುವ ಯೋಚನೆ ಬೇಡ. ಲೆಕ್ಕದಲ್ಲಿ ಅದಕ್ಕೆ ವಿವರಣೆ ಕೊಡುವುದೂ ಕಷ್ಟ, ಸಂಭಾವನೆ ಇಲ್ಲ ಎಂದು ಪತ್ರದಲ್ಲಿ ಬರೆದ ಮಾತಿಗೂ ಅದು ಹೊಂದುವುದಿಲ್ಲ.

ಅತಿಥಿ ಸರ್ಕಾರಿ ಸಂಸ್ಥೆಯವರಾದರೆ ಖರ್ಚಿನ ಸಾಲಿಗೆ ಇನ್ನೊಂದು ಮುಖ ಬರುತ್ತದೆ. ಯಂತ್ರ ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡಲು ಬರುವವರ ಹೋಟೆಲ್ ಬಿಲ್ಲನ್ನು ಯಂತ್ರ ಮಾರುವವರೇ ಕಟ್ಟುವುದು ಆ ದೇಶದ ನಿಯಮದಲ್ಲಿ ಒಪ್ಪಿತವೇ? ಟೆಂಡರಿನ ಕರಾರಿನಲ್ಲಿ ಪರಿಶೀಲನೆಯ ಪ್ರಯಾಣ ವೆಚ್ಚ ಯಾರದೆಂದು ಬರೆದಿದ್ದರೆ ಅಕ್ಷರಶಃ ಅದನ್ನೇ ಪಾಲಿಸಬೇಕು, ಆ ಕಲಮಿನ ಸಂಖ್ಯೆಯನ್ನು ಪತ್ರದಲ್ಲಿ ಬರೆಯಬೇಕು. ಬರೆದಿಲ್ಲದಿದ್ದರೆ ಆಹ್ವಾನ ಹೋಗಬೇಕಾದದ್ದು ಸಂಸ್ಥೆಗೆ, ಯಾರನ್ನು ಕಳಿಸಬೇಕೆಂದು ಸಂಸ್ಥೆಯೇ ತೀರ್ಮಾನಿಸಿ ಲಿಖಿತವಾಗಿ ಒಪ್ಪಿಗೆ ಕೊಡಲಿ. ವ್ಯಕ್ತಿಯ ಹೆಸರಿಗೆ ನೇರವಾಗಿ ‘ಎಲ್ಲ ಖರ್ಚು ನಮ್ಮದು’ ಎಂಬ ಮೇಲ್ ಹೋದರೆ ನಾಳೆ ಅದು ಲಂಚದ ಆರೋಪದ ಕಡತದಲ್ಲಿ ಕಾಣಿಸಿಕೊಳ್ಳಬಹುದು.

ಒಪ್ಪಿಗೆಯ ಮೇಲ್ ಮತ್ತು ಪಾಸ್‌ಪೋರ್ಟಿನ ಪುಟ ಬಂದ ಮೇಲೆ ಪತ್ರ ಬರೆಯುವುದು ಅರ್ಧ ಗಂಟೆಯ ಕೆಲಸ. ಹೆಸರನ್ನು ಪಾಸ್‌ಪೋರ್ಟ್ ನೋಡಿಯೇ ಬರೆಯಬೇಕು, ವಿಸಿಟಿಂಗ್ ಕಾರ್ಡ್ ನೋಡಿ ಅಲ್ಲ. ಮೂರು ಹೆಸರಿರುವ ಕಡೆ ಜನ ಕಾರ್ಡಿನಲ್ಲಿ ಎರಡನ್ನೇ ಹಾಕಿರುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆಯನ್ನು ಒಬ್ಬರು ಓದಿ ಹೇಳಿ ಇನ್ನೊಬ್ಬರು ನೋಡಬೇಕು, ಏಕೆಂದರೆ ಸೊನ್ನೆಗೂ ಇಂಗ್ಲಿಷಿನ ‘ಓ’ ಅಕ್ಷರಕ್ಕೂ ಕಣ್ಣು ಮೋಸಹೋಗುತ್ತದೆ. ಪತ್ರವನ್ನು ಕಂಪನಿಯ ಲೆಟರ್‌ಹೆಡ್ಡಿನ ಮೇಲೆ, ದಿನಾಂಕ ಹಾಕಿ, ನೈರೋಬಿಯಲ್ಲಿರುವ ಭಾರತದ ಹೈಕಮಿಷನ್‌ನ ವೀಸಾ ಅಧಿಕಾರಿಯನ್ನು ಉದ್ದೇಶಿಸಿ ಬರೆಯಬಹುದು. ಸಹಿ ಹಾಕುವವರ ಹೆಸರು, ಹುದ್ದೆ, ಕಂಪನಿಯ ಇಮೇಲ್ ವಿಳಾಸ, ಮೊಬೈಲ್ ಸಂಖ್ಯೆ ಸಹಿಯ ಕೆಳಗೆ ಇರಬೇಕು.

ಆ ಮೊಬೈಲ್ ಸಂಖ್ಯೆಯ ಬಗ್ಗೆ ಒಂದು ಮಾತು. ಅಧಿಕಾರಿಗಳು ವಿಚಾರಿಸಬೇಕೆಂದರೆ ಫೋನು ಮಾಡುವುದು ಅದಕ್ಕೇ. ಕಾರ್ಖಾನೆಯ ಲ್ಯಾಂಡ್‌ಲೈನ್ ಕೊಟ್ಟರೆ ಗೇಟಿನ ಸೆಕ್ಯುರಿಟಿಯವರು ಎತ್ತಿ “ಕೀನ್ಯಾದವ್ರಾ? ನಂಗೊತ್ತಿಲ್ಲ ಸಾರ್” ಎನ್ನುತ್ತಾರೆ. ಅತಿಥಿಗಳ ಹೆಸರು, ದಿನಾಂಕ, ಹೋಟೆಲು ಎಲ್ಲವೂ ಬಾಯಲ್ಲೇ ಇರುವವರ ಸಂಖ್ಯೆ ಅಲ್ಲಿರಲಿ. ಅತಿಥಿಗಳು ವಲಸೆ ಕೌಂಟರಿನ ಮುಂದೆ ನಿಂತಿರುವ ಹೊತ್ತಿಗೆ, ಅದು ಬೆಳಗಿನ ಜಾವವಾದರೂ, ಆ ಫೋನು ಚಾಲ್ತಿಯಲ್ಲಿರಬೇಕು.

ಕೀನ್ಯಾದವರ ಮೇಲ್‌ನಲ್ಲಿ ಸೇರಿಸಲೇಬೇಕಾದ ಇನ್ನೊಂದು ಸಂಗತಿ ಹಳದಿ ಜ್ವರದ ಲಸಿಕೆ. ಆಫ್ರಿಕಾದ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಂದ ಬರುವವರು ಈ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಕೀನ್ಯಾ ಆ ಪಟ್ಟಿಯಲ್ಲಿದೆ. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. ಅದಿಲ್ಲದೆ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲೆಕ್ಕ ಹಾಕಿ ನೋಡಿ: ಮಾರ್ಚ್ 8ಕ್ಕೆ ಇಳಿಯುವವರು ಫೆಬ್ರವರಿ 26ರೊಳಗೆ ಲಸಿಕೆ ಹಾಕಿಸಿರಬೇಕು. ತಪ್ಪಿದರೆ ಅವರು ಆಚೆ ಬರುವ ಹೊತ್ತಿಗೆ ನಮ್ಮ ಆರು ದಿನಗಳ ಕಾರ್ಯಕ್ರಮವೇ ಮುಗಿದಿರುತ್ತದೆ. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಹಾಗಾಗಿ ಹಳೆಯ ಹಳದಿ ಕಾರ್ಡು ಇದ್ದವರು ಅದನ್ನೇ ತರಬಹುದು. ಇ-ವೀಸಾ ಅರ್ಜಿಯನ್ನು ಬರುವ ದಿನಕ್ಕೆ ಕನಿಷ್ಠ 4 ದಿನ ಮುಂಚೆ ಹಾಕಿದರೆ ಸಾಕು ಎಂದು ನಿಯಮವಿದ್ದರೂ, ಲಸಿಕೆಯ ಈ ಲೆಕ್ಕದಿಂದಾಗಿ ನಮ್ಮ ಮೊದಲ ಮೇಲ್ ಮೂರು ನಾಲ್ಕು ವಾರ ಮುಂಚೆಯೇ ಹೋಗಿರಬೇಕು.

ಅತಿಥಿಗಳು ಬಂದ ಮೇಲೆ ಹೋಟೆಲಿನವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಜಾಲತಾಣಕ್ಕೆ ಸಲ್ಲಿಸುತ್ತಾರೆ. ಸಿ-ಫಾರ್ಮ್ ಎಂದು ಬಹುಕಾಲದಿಂದ ಕರೆಯುತ್ತಿರುವುದು ಇದನ್ನೇ. ಕಂಪನಿಯ ಗೆಸ್ಟ್‌ಹೌಸಿನಲ್ಲೋ ಮಾಲೀಕರ ಮನೆಯಲ್ಲೋ ಇರಿಸಿಕೊಂಡರೆ ಆ ಹೊಣೆ ನಮ್ಮದಾಗುತ್ತದೆ. ಚಿಕ್ಕಮಗಳೂರಿನ ಒಂದು ರಾತ್ರಿಗೆ ಹೋಂಸ್ಟೇ ಹಿಡಿಯುವಾಗ, ವಿದೇಶಿಯರನ್ನು ಇರಿಸಿಕೊಂಡು ಫಾರ್ಮ್ ಸಲ್ಲಿಸುವ ವ್ಯವಸ್ಥೆ ಅಲ್ಲಿದೆಯೇ ಎಂದು ಮೊದಲೇ ಕೇಳಿ.

ಆಹ್ವಾನ ಪತ್ರಕ್ಕಾಗಿಯೇ ಗ್ರಾಹಕರ ವೇಷ ಹಾಕುವವರೂ ಇದ್ದಾರೆ. ಅವರ ಮೇಲ್‌ಗಳು ಓದಲು ಚೆನ್ನಾಗಿಯೇ ಇರುತ್ತವೆ. ದೊಡ್ಡ ಆರ್ಡರಿನ ಮಾತಿರುತ್ತದೆ, ಆದರೆ ಯಂತ್ರದ ಸಾಮರ್ಥ್ಯ, ವೋಲ್ಟೇಜ್, ಜರಡಿಯ ಅಳತೆ ಯಾವುದನ್ನೂ ಕೇಳುವುದಿಲ್ಲ. ದರದ ಬಗ್ಗೆ ಚೌಕಾಸಿಯೇ ಇರುವುದಿಲ್ಲ. ಎರಡನೇ ಮೇಲ್‌ನಲ್ಲೇ ಐದಾರು ಜನರ ಪಾಸ್‌ಪೋರ್ಟ್ ಬಂದುಬಿಡುತ್ತದೆ, ಪತ್ರ ನಾಳೆಯೇ ಬೇಕು ಎನ್ನುತ್ತಾರೆ. ಖರ್ಚಿನ ಹಂಚಿಕೆಯನ್ನು ನಿಮ್ಮ ಹಣಕಾಸು ವಿಭಾಗದಿಂದ ಖಚಿತಪಡಿಸಿ ಎಂದು ಬರೆದ ಕೂಡಲೇ ಇಂಥವರು ಮೌನವಾಗುತ್ತಾರೆ. ಮುಂಗಡ ಬರದ, ಒಮ್ಮೆಯೂ ವಿಡಿಯೊ ಕರೆಯಲ್ಲಿ ಮುಖ ತೋರಿಸದ ಅಪರಿಚಿತರಿಗೆ ಪತ್ರ ಕೊಡಬೇಡಿ. ಕೊಟ್ಟ ಪತ್ರದ ಮೇಲೆ ಬಂದವರು ಕಾಣೆಯಾದರೆ ಮೊದಲು ಪ್ರಶ್ನೆಗೆ ಗುರಿಯಾಗುವುದು ಸಹಿ ಹಾಕಿದವರು.

ನಮ್ಮವರು ಅತಿಥಿಗಳಾಗಿ ಹೊರಡುವಾಗ ಇದೇ ವಿಷಯ ತಿರುಗುಮುರುಗಾಗುತ್ತದೆ, ದೇಶದಿಂದ ದೇಶಕ್ಕೆ ತೂಕವೂ ಬದಲಾಗುತ್ತದೆ. ಅಮೆರಿಕದ ಸಂದರ್ಶಕ ವೀಸಾಕ್ಕೆ ಆಹ್ವಾನ ಪತ್ರ ಕಡ್ಡಾಯವೇ ಅಲ್ಲ, ಅರ್ಜಿದಾರರ ಸ್ವಂತ ಸ್ಥಿತಿಗತಿಯನ್ನೇ ಮುಖ್ಯವಾಗಿ ನೋಡುತ್ತಾರೆ. ಜರ್ಮನಿ ಸೇರಿದಂತೆ ಶೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಜರ್ಮನಿಯಲ್ಲಿ ಆತಿಥೇಯರು ಖರ್ಚಿನ ಹೊಣೆಯನ್ನು ಸರ್ಕಾರಿ ಕಚೇರಿಯಲ್ಲಿ ವಿಧಿವತ್ತಾಗಿ ಬರೆದುಕೊಡುವ ಪದ್ಧತಿ ಇದೆ. ಹಾಗೆ ಬರೆದುಕೊಟ್ಟವರಿಂದ, ಅತಿಥಿಗಾಗಿ ಸರ್ಕಾರ ಮಾಡಿದ ಖರ್ಚನ್ನು ಕಾನೂನಿನ ಪ್ರಕಾರ ವಸೂಲು ಮಾಡುತ್ತಾರೆ. ಅಲ್ಲಿನ ಕಂಪನಿ ‘ವಸತಿ ಮಾತ್ರ ನಮ್ಮದು’ ಎಂದು ಬಿಗಿಯಾಗಿ ಬರೆದರೆ ನಮ್ಮವರು ನೊಂದುಕೊಳ್ಳಬೇಕಾಗಿಲ್ಲ. ಅವರು ಪೂರೈಸಬಲ್ಲ ಮಾತನ್ನಷ್ಟೇ ಬರೆಯುತ್ತಿದ್ದಾರೆ.

ಕೊನೆಗೆ, ಬಹುತೇಕ ಯಾರೂ ಮಾಡದ ಒಂದು ಕೆಲಸ. ಭೇಟಿ ರದ್ದಾದರೆ, ಅಥವಾ ಬರಬೇಕಾದ ಎಂಜಿನಿಯರ್ ಬದಲು ಬೇರೆಯವರು ಬರುವುದಾದರೆ, ಹಳೆಯ ಪತ್ರ ಇನ್ನು ಊರ್ಜಿತವಲ್ಲ ಎಂದು ಒಂದು ಮೇಲ್ ಬರೆದು ಅತಿಥಿಯ ಕಂಪನಿಗೆ ಕಳಿಸಿ. ವೀಸಾ ಆಗಲೇ ಸಿಕ್ಕಿದ್ದರೆ ಹೈಕಮಿಷನ್ನಿಗೂ ತಿಳಿಸಿ. ಇ-ಬಿಸಿನೆಸ್ ವೀಸಾ ಒಂದು ಬಾರಿಯ ಪ್ರವೇಶಕ್ಕೆ ಸೀಮಿತವಲ್ಲ, ಒಂದು ವರ್ಷದ ಅವಧಿಯಲ್ಲಿ ಹಲವು ಸಲ ಬಂದುಹೋಗಲು ಕೊಡುತ್ತಾರೆ. ನಿಮ್ಮ ಪತ್ರದ ಆಧಾರದ ಮೇಲೆ ಸಿಕ್ಕ ಅನುಮತಿ ನಿಮ್ಮ ಕಾರ್ಯಕ್ರಮ ಮುಗಿದ ಮೇಲೂ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಪತ್ರದಲ್ಲಿ ಭೇಟಿಯ ಮೊದಲ ಮತ್ತು ಕೊನೆಯ ದಿನಾಂಕವನ್ನು ಬರೆದು, ಖರ್ಚಿನ ಹೊಣೆ ಆ ದಿನಗಳಿಗಷ್ಟೇ ಎಂದು ಸೇರಿಸಿ.